ಬಾಡಿಗೆ ಮನೆ ಏಜೆಂಟರಿಗೆ ವಾಟ್ಸ್ಆ್ಯಪ್ ಕ್ಯಾಟಲಾಗ್

ಕಾರವಾರಕ್ಕೆ ವರ್ಗವಾಗಿ ಬರುವ ಬ್ಯಾಂಕ್ ನೌಕರರು, ಸೀಬರ್ಡ್ ಕಾಮಗಾರಿಗೆ ಬರುವ ಎಂಜಿನಿಯರುಗಳು ಊರು ಮುಟ್ಟುವ ಮೊದಲೇ ಮೊಬೈಲಿನಲ್ಲಿ ಮನೆ ಹುಡುಕುತ್ತಾರೆ. ಏಜೆಂಟರು ಸ್ಟೇಟಸ್ಸಿಗೆ ಹಾಕಿದ ಫೋಟೊ ಮರುದಿನ ಮಾಯವಾಗುತ್ತದೆ, ಯಾರೋ ಫಾರ್ವರ್ಡ್ ಮಾಡಿದ ಚಿತ್ರದಲ್ಲಿ ಬಾಡಿಗೆಯೇ ಇರುವುದಿಲ್ಲ. ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಈ ತೊಡಕನ್ನು ಬಗೆಹರಿಸುತ್ತದೆ, ಆದರೆ ಅದನ್ನು ಸರಿಯಾಗಿ ತುಂಬಬೇಕು.

ಮೊದಲು ವ್ಯವಹಾರದ ನಂಬರಿನಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ‘Business tools’ ಒಳಗೆ ‘Catalog’, ಅಲ್ಲಿ ‘Add new item’. ಒಂದು ಮನೆಗೆ ಒಂದು ಐಟಂ. ಪ್ರತಿ ಐಟಮ್ಮಿಗೆ 10 ಫೋಟೊ ತನಕ ಹಾಕಬಹುದು. ಉಳಿಸಿದ ಕೂಡಲೇ ಅದು ಗ್ರಾಹಕರಿಗೆ ಕಾಣದಿದ್ದರೆ ಗಾಬರಿ ಬೇಡ, ವಾಟ್ಸ್ಆ್ಯಪ್ ಪರಿಶೀಲಿಸಿದ ಮೇಲೆಯೇ ತೋರಿಸುತ್ತದೆ.

ನಂದನಗದ್ದಾದ ಒಂದು 2 ಬಿಎಚ್‌ಕೆ ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಸರಿನ ಜಾಗದಲ್ಲಿ ‘ಸುಂದರ, ವಿಶಾಲ ಮನೆ’ ಎಂದು ಬರೆಯಬೇಡಿ. ಪಟ್ಟಿಯಲ್ಲಿ ಕಾಣುವುದು ಮೊದಲ ಕೆಲವು ಪದಗಳು ಮಾತ್ರ. ‘ನಂದನಗದ್ದಾ 2 ಬಿಎಚ್‌ಕೆ, ಮೇಲ್ಮಹಡಿ’ ಎಂದರೆ ಸಾಕು. ‘Item code’ ಜಾಗದಲ್ಲಿ ಬಾ-14 ಎಂಬಂಥ ನಿಮ್ಮದೇ ಸಂಖ್ಯೆ ಕೊಡಿ; ಅದೇ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲಿ ಮಾಲೀಕರ ಹೆಸರಿನ ಎದುರೂ ಬರೆದಿಡಿ.

ಹೆಚ್ಚಿನ ಏಜೆಂಟರು ಎಡವುವುದು ಬೆಲೆಯಲ್ಲಿ. ಬೆಲೆಯ ಜಾಗ ಒಂದೇ ಅಂಕಿಗೆ ಇರುವುದು. ಅಲ್ಲಿ ಖಾಲಿ ಬಿಡುವುದು, ₹1 ಎಂದು ಹಾಕುವುದು, ಅಡ್ವಾನ್ಸ್ ಹಾಕುವುದು, ಮೂರೂ ತಪ್ಪು. ತಿಂಗಳ ಬಾಡಿಗೆ ₹11,000 ಆದರೆ ಅಲ್ಲಿ 11000 ಎಂದೇ ಇರಲಿ. ಅಡ್ವಾನ್ಸ್ ₹50,000, ಕರಾರು 11 ತಿಂಗಳಿಗೆ ಎಂಬುದು ವಿವರಣೆಯ ಮೊದಲ ಸಾಲಿಗೆ ಬರಲಿ. ಸೈಟು ಹಾಕುವಾಗ ಗೊಂದಲ ಇನ್ನೂ ದೊಡ್ಡದು. ಗುಂಟೆಗೆ 4 ಲಕ್ಷವೆಂದು ಬೆಲೆಯಲ್ಲಿ ಹಾಕಿದರೆ, ನೋಡಿದವರು 5 ಗುಂಟೆಗೂ ಅಷ್ಟೇ ಎಂದುಕೊಳ್ಳುತ್ತಾರೆ. ಒಟ್ಟು ಮೊತ್ತ 20 ಲಕ್ಷ ಬೆಲೆಯಲ್ಲಿ ಇರಲಿ, ಗುಂಟೆಯ ದರ ವಿವರಣೆಯಲ್ಲಿ. ಹೊರಗಿನವರಿಗೆ ಗುಂಟೆಯ ಲೆಕ್ಕ ಗೊತ್ತಿರುವುದಿಲ್ಲ, ಹಾಗಾಗಿ 1 ಗುಂಟೆ ಎಂದರೆ 1,089 ಚದರ ಅಡಿ ಎಂದೂ ಸೇರಿಸಿ.

ವಿವರಣೆಯಲ್ಲಿ ನೀರಿನ ಸಂಗತಿ ಮುಚ್ಚಿಡಬೇಡಿ. ಕಡಲ ಬದಿಯ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆಂದು ಬಂದ ಮೇಲೆ ಗೊತ್ತಾದರೆ ಬಾಡಿಗೆದಾರ ಮೂರೇ ತಿಂಗಳಲ್ಲಿ ಎದ್ದು ಹೋಗುತ್ತಾನೆ. ‘ಬಾವಿ ನೀರು, ಮೇನಲ್ಲಿ ತುಸು ಉಪ್ಪು; ಕುಡಿಯಲು ನಲ್ಲಿ ನೀರು’ ಎಂದು ನೇರವಾಗಿ ಬರೆದರೆ ಬರುವವರು ತಿಳಿದೇ ಬರುತ್ತಾರೆ.

ಫೋಟೊಗೆ ಬೆಳಿಗ್ಗೆಯ ಬೆಳಕು ಒಳ್ಳೆಯದು. ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆದರೆ ಕೋಣೆ ಕಪ್ಪಾಗುವುದಿಲ್ಲ. ಪಟ್ಟಿಯಲ್ಲಿ ಚಿತ್ರ ಚೌಕವಾಗಿ ಕತ್ತರಿಸಿ ಕಾಣುವುದರಿಂದ ಮೊದಲ ಫೋಟೊದಲ್ಲಿ ಮನೆಯ ಮುಂಭಾಗ ನಡುವೆಯೇ ಇರಲಿ. ಆಮೇಲೆ ಹಾಲ್, ಅಡುಗೆಮನೆ, ಬಚ್ಚಲು, ಬಾವಿ, ಗಾಡಿ ನಿಲ್ಲಿಸುವ ಜಾಗ. ಮಳೆಗಾಲದ ಗೋಡೆಯ ಒಂದು ಫೋಟೊ ಇದ್ದರೆ, ತೆಗೆದ ತಿಂಗಳು ಬರೆದು ಅದನ್ನೂ ಹಾಕಿ. ಕಾರವಾರದ ಮಳೆಯಲ್ಲಿ ಗೋಡೆ ಒಸರುತ್ತದೆಯೇ ಎಂಬುದು ಇಲ್ಲಿ ಬದುಕುವವರ ಮೊದಲ ಪ್ರಶ್ನೆ. ಮಾಲೀಕರ ನಾಮಫಲಕ, ಮನೆ ನಂಬರ್, ಮಕ್ಕಳ ಮುಖ ಚೌಕಟ್ಟಿನಲ್ಲಿ ಬರದಂತೆ ನೋಡಿ.

ಐಟಮ್ಮಿನಿಂದಲೇ ಗ್ರಾಹಕರು ಸಂದೇಶ ಕಳಿಸಿದರೆ, ಯಾವ ಮನೆಯ ಬಗ್ಗೆ ಎಂದು ಅದರ ಜೊತೆಗೇ ಕಾಣುತ್ತದೆ. ಉತ್ತರ ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಡಿ. ‘Quick replies’ ಒಳಗೆ `/mane` ಎಂಬ ಹೆಸರಿನಲ್ಲಿ ಇದನ್ನು ಉಳಿಸಿ:

```
ನಮಸ್ಕಾರ. ಕೋಡ್: ಬಾ-__
ಇವತ್ತಿಗೆ: ಖಾಲಿ ಇದೆ / ಇಲ್ಲ
ಬಾಡಿಗೆ: ₹____  ಅಡ್ವಾನ್ಸ್: ₹____
ಕಮಿಷನ್: ಒಂದು ತಿಂಗಳ ಬಾಡಿಗೆ,
ಕರಾರು ಆದ ಮೇಲೆ ಮಾತ್ರ
ದಯವಿಟ್ಟು ತಿಳಿಸಿ: ಎಷ್ಟು ಜನ?
ಯಾವಾಗಿನಿಂದ ಬೇಕು? ನೋಡಲು ಎಂದು ಬರುತ್ತೀರಿ?
```

ಖಾಲಿ ಜಾಗ ತಾನಾಗಿ ತುಂಬುವುದಿಲ್ಲ, ಕಳಿಸುವ ಮೊದಲು ನೀವೇ ತುಂಬಬೇಕು. ‘ಇವತ್ತಿಗೆ’ ಎಂಬ ಸಾಲಿಗಾಗಿ ಮಾಲೀಕರಿಗೆ ಒಂದು ಫೋನ್ ಮಾಡಿಯೇ ಉತ್ತರಿಸಿ. ಮನೆ ಇದೆ ಎಂದು ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ ಬೀಗ ತೋರಿಸಿದರೆ, ಆ ನಂಬರಿಗೆ ಅವರು ಮತ್ತೆಂದೂ ಕರೆ ಮಾಡುವುದಿಲ್ಲ. ಕಮಿಷನ್ ಸಾಲನ್ನೂ ಬಿಡಬೇಡಿ, ಕರಾರಿನ ದಿನ ಅದರ ಜಗಳ ಹುಟ್ಟುವುದು ಮೊದಲೇ ಹೇಳದಿದ್ದುದರಿಂದ.

ಮನೆ ಹೋದ ದಿನವೇ ಐಟಮ್ಮನ್ನು ತೆರೆದು ಮರೆಮಾಡಿ. ಅಳಿಸಿಬಿಟ್ಟರೆ ಬಾಡಿಗೆದಾರ ಖಾಲಿ ಮಾಡಿದಾಗ ಫೋಟೊ, ವಿವರಣೆ ಎಲ್ಲ ಹೊಸದಾಗಿ ಹಾಕಬೇಕು. ಮರೆಮಾಡಿದ್ದರೆ ಬಾಡಿಗೆ ತಿದ್ದಿ ಮತ್ತೆ ತೋರಿಸಿದರಾಯಿತು.