ಫೋನ್ ಸಿಗದಾಗ ಕೇಳುವ ಧ್ವನಿಯಿಂದ ಏನನ್ನು ತಿಳಿಯಬಹುದು?

ಮನೆಯವರಿಗೆ ಫೋನ್ ಮಾಡುತ್ತೀರಿ. ರಿಂಗ್ ಆಗುವ ಬದಲು ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂಬ ಧ್ವನಿ ಕೇಳುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ಮಾಡಿದರೆ ‘ಸ್ವಿಚ್ ಆಫ್ ಆಗಿದೆ’ ಎನ್ನುತ್ತದೆ. ಅಲ್ಲಿಂದ ಶುರುವಾಗುತ್ತದೆ ಗಾಬರಿ: ಇಷ್ಟು ಹೊತ್ತು ಆನ್ ಇದ್ದದ್ದನ್ನು ಈಗ ಯಾರು ಆಫ್ ಮಾಡಿದರು? ಬಹಳ ಸಲ ಯಾರೂ ಮಾಡಿರುವುದಿಲ್ಲ. ಆ ಧ್ವನಿ ಫೋನಿನಿಂದ ಬರುವುದೇ ಇಲ್ಲ. ಆ ಫೋನಿನ ಬಗ್ಗೆ ಮೊಬೈಲ್ ಕಂಪನಿಯ ಕಂಪ್ಯೂಟರಿನಲ್ಲಿ ಕೊನೆಯದಾಗಿ ಏನು ದಾಖಲಾಗಿದೆಯೋ ಅದನ್ನಷ್ಟೇ ಅದು ಹೇಳುತ್ತದೆ.

ಆ ದಾಖಲೆ ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿದ್ದರೆ ಸಂದೇಶವನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಆನ್ ಆದ ಫೋನು ಹತ್ತಿರದ ಟವರ್ ಮೂಲಕ ‘ನಾನು ಇಲ್ಲಿದ್ದೇನೆ’ ಎಂದು ನೆಟ್‌ವರ್ಕ್‌ಗೆ ತಿಳಿಸುತ್ತದೆ. ನಾವು ಪವರ್ ಬಟನ್ ಒತ್ತಿ ಆಫ್ ಮಾಡಿದಾಗ, ಪೂರ್ತಿ ಆಫ್ ಆಗುವ ಮೊದಲು, ಮನೆಯಿಂದ ಹೊರಡುವವರು ‘ಹೋಗಿ ಬರ್ತೀನಿ’ ಎನ್ನುವ ಹಾಗೆ ಒಂದು ಕಿರು ಸಂಕೇತ ಕಳಿಸಿ ಹೊರಡುತ್ತದೆ. ಏರೋಪ್ಲೇನ್ ಮೋಡ್ ಹಾಕಿದಾಗಲೂ ಹೀಗೆಯೇ. ಬ್ಯಾಟರಿ ಮುಗಿಯುತ್ತಾ ಬಂದಾಗ ಈಗಿನ ಫೋನುಗಳು ತಾವಾಗಿಯೇ ಆಫ್ ಆಗುತ್ತವಲ್ಲ, ಆಗಲೂ ಸಾಮಾನ್ಯವಾಗಿ ಹೇಳಿಯೇ ಹೋಗುತ್ತವೆ. ಹಾಗಾಗಿ ‘ಸ್ವಿಚ್ ಆಫ್’ ಎಂದು ಕೇಳಿದ ಮಾತ್ರಕ್ಕೆ ಬೇಕೆಂದೇ ಆಫ್ ಮಾಡಿದ್ದಾರೆ ಎಂದುಕೊಳ್ಳುವಂತಿಲ್ಲ. ಚಾರ್ಜ್ ಮುಗಿದಿರಬಹುದು, ವಿಮಾನದಲ್ಲಿ ಕುಳಿತಿರಬಹುದು.

ಫೋನು ನೀರಿಗೆ ಬಿದ್ದರೆ, ಒಡೆದುಹೋದರೆ ಅಥವಾ ಸಿಗ್ನಲ್ ಇಲ್ಲದ ಕಡೆ ಹೋದರೆ ಹೀಗೆ ಹೇಳಿಹೋಗಲು ಅವಕಾಶವೇ ಇರುವುದಿಲ್ಲ. ನೆಟ್‌ವರ್ಕ್ ಲೆಕ್ಕದಲ್ಲಿ ಅದು ಇನ್ನೂ ಹಳೆಯ ಜಾಗದಲ್ಲೇ ಇದೆ. ನೀವು ಕರೆ ಮಾಡಿದಾಗ ಆ ಸುತ್ತಿನ ಟವರ್‌ಗಳೆಲ್ಲ ಅದನ್ನು ಕೂಗುತ್ತವೆ. ಉತ್ತರ ಬರದಿದ್ದರೆ ಮತ್ತೊಮ್ಮೆ ಕೂಗುತ್ತವೆ. ಆಗಲೂ ಉತ್ತರ ಇಲ್ಲದಿದ್ದರೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಅಥವಾ ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂಬ ಧ್ವನಿ ಹಾಕುತ್ತಾರೆ. ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಎರಡರ ತಾತ್ಪರ್ಯವೂ ಒಂದೇ: ಕೂಗಿದೆವು, ಓಗೊಡಲಿಲ್ಲ.

ಮೊದಲು ಮೌನವನ್ನು ಕೇಳಿ

ಈ ಕಾರಣಕ್ಕೇ ಪದಗಳಿಗಿಂತ ಅವುಗಳ ಹಿಂದಿನ ಮೌನವನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಡಯಲ್ ಮಾಡಿದ ಎರಡು–ಮೂರು ಸೆಕೆಂಡಿನಲ್ಲೇ ಧ್ವನಿ ಬಂದರೆ, ಆ ಫೋನು ಇಲ್ಲ ಎಂಬುದು ನೆಟ್‌ವರ್ಕ್‌ಗೆ ಮೊದಲೇ ಗೊತ್ತಿತ್ತು, ಹುಡುಕುವ ಗೋಜಿಗೇ ಅದು ಹೋಗಿಲ್ಲ ಎಂದು ಊಹಿಸಬಹುದು. ಎಂಟು–ಹತ್ತು ಸೆಕೆಂಡು ಏನೂ ಕೇಳದೆ ಆಮೇಲೆ ಧ್ವನಿ ಬಂದರೆ, ಅಷ್ಟು ಹೊತ್ತು ಹುಡುಕಾಟ ನಡೆದಿರುವ ಸಾಧ್ಯತೆ ಹೆಚ್ಚು. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಯ ನಂಬರಿಗೆ ಮಾಡಿದಾಗ ಸಂಪರ್ಕ ಕೂಡಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. ಆದ್ದರಿಂದ ಒಂದೇ ಕರೆಗೆ ತೀರ್ಮಾನಿಸದೆ ಐದು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿ ನೋಡಿ. ಪ್ರತಿ ಸಲವೂ ಸಮಯವನ್ನೂ ಕೇಳಿದ ಮಾತನ್ನೂ ಬರೆದಿಡಿ.

ಸಂದೇಶ ಬದಲಾಗುವುದೇಕೆ?

ಆನ್ ಇರುವ ಫೋನು ಸುಮ್ಮನೆ ಜೇಬಿನಲ್ಲಿದ್ದರೂ ಆಗಾಗ ಹಾಜರಿ ಹಾಕುತ್ತಿರಬೇಕು. 4ಜಿ ಮಾನದಂಡದಲ್ಲಿ ಈ ಹಾಜರಿಗೆ ಇಟ್ಟಿರುವ ಮೂಲ ಅವಧಿ 54 ನಿಮಿಷ. ಕಂಪನಿಗಳು ಇದನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಅವಧಿ ಮುಗಿದು ಇನ್ನೂ ಸ್ವಲ್ಪ ಹೊತ್ತು ಕಾದರೂ ಹಾಜರಿ ಬರದಿದ್ದರೆ ನೆಟ್‌ವರ್ಕ್ ತಾನಾಗಿಯೇ ‘ಈ ಫೋನು ಇಲ್ಲ’ ಎಂದು ಬರೆದುಕೊಳ್ಳುತ್ತದೆ. ಹಾಗೆ ಬರೆದ ಮೇಲೆ ಕೆಲವು ಕಡೆ ‘ಸ್ವಿಚ್ ಆಫ್’ ಸಂದೇಶವನ್ನೇ ಕೇಳಿಸುತ್ತಾರೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲು ಮಾರ್ಗವನ್ನು ತೆಗೆದುಕೊಳ್ಳಿ. 57 ಸುರಂಗಗಳು, ಎರಡೂ ಕಡೆ ಕಾಡು, ರೈಲು ಹೋಗುವುದೂ ನಿಧಾನ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದ ಮಗನಿಗೆ ಪುತ್ತೂರಿನಿಂದ ಅಮ್ಮ ಫೋನ್ ಮಾಡುತ್ತಿದ್ದಾರೆ ಎಂದುಕೊಳ್ಳೋಣ. ಬೆಳಗಿನ ಜಾವ 3 ಗಂಟೆಗೆ ಅವನ ಫೋನಿನ ಸಿಗ್ನಲ್ ಹೋಯಿತು. 3.20ಕ್ಕೆ ಅಮ್ಮ ಕರೆ ಮಾಡಿದರೆ ಉದ್ದದ ಮೌನ, ನಂತರ ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’. 4.15ಕ್ಕೆ ಮಾಡಿದಾಗ ಧ್ವನಿ ತಟ್ಟನೆ ಬರುತ್ತದೆ: ‘ಸ್ವಿಚ್ ಆಫ್ ಆಗಿದೆ’. ಮಗ ಮಾತ್ರ ಮೇಲಿನ ಬರ್ತ್‌ನಲ್ಲಿ ನಿದ್ದೆಯಲ್ಲಿದ್ದಾನೆ. ಫೋನು ಆನ್ ಇದೆ, ಚಾರ್ಜೂ ಇದೆ. ಈ 55 ನಿಮಿಷದಲ್ಲಿ ಬದಲಾದದ್ದು ನೆಟ್‌ವರ್ಕಿನ ದಾಖಲೆ ಮಾತ್ರ. ನಡುವೆ ಎಲ್ಲಾದರೂ ಒಂದು ಕಡ್ಡಿ ಸಿಗ್ನಲ್ ಸಿಕ್ಕಿ ಹಾಜರಿ ಬಿದ್ದಿದ್ದರೆ ಮತ್ತೆ ಮೊದಲಿನಿಂದ ಲೆಕ್ಕ ಶುರುವಾಗಿ, ‘ವ್ಯಾಪ್ತಿ ಪ್ರದೇಶ’ದ ಸಂದೇಶವೇ ಮುಂದುವರಿಯುತ್ತಿತ್ತು.

ಈ ಹೊತ್ತಿನಲ್ಲಿ ಅಮ್ಮ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಒಂದು ಎಸ್‌ಎಂಎಸ್ ಕಳಿಸಿಡುವುದು. ವಾಟ್ಸ್‌ಆ್ಯಪ್ ಸಾಲದು, ಸಾದಾ ಎಸ್‌ಎಂಎಸ್. ಕಳಿಸುವ ಮೊದಲು ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿ ಡೆಲಿವರಿ ರಿಪೋರ್ಟ್ ಆನ್ ಮಾಡಿಕೊಳ್ಳಬೇಕು. ಫೋನು ಸಿಗದಿದ್ದರೆ ಸಂದೇಶ ಕಂಪನಿಯ ಎಸ್‌ಎಂಎಸ್ ಕೇಂದ್ರದಲ್ಲಿ ಕಾಯುತ್ತದೆ. ರೈಲು ಘಾಟಿ ಇಳಿದು ಫೋನು ಮತ್ತೆ ಟವರ್‌ಗೆ ಸಿಕ್ಕ ಕೂಡಲೇ ಆ ಕೇಂದ್ರಕ್ಕೆ ಸುದ್ದಿ ಹೋಗಿ ಸಂದೇಶ ತಲುಪುತ್ತದೆ, ಅಮ್ಮನಿಗೆ ‘ಡೆಲಿವರ್ಡ್’ ಎಂದು ಬರುತ್ತದೆ. ಮಗ ಎದ್ದು ನೋಡದಿದ್ದರೂ ಅವನ ಫೋನು ಸಿಗ್ನಲ್ ಇರುವ ಜಾಗಕ್ಕೆ ಬಂದಿದೆ ಎಂಬುದು ಗೊತ್ತಾಗುತ್ತದೆ. ಎಲ್ಲ ಫೋನುಗಳಲ್ಲೂ ಈ ಸೌಲಭ್ಯ ಇರುವುದಿಲ್ಲ ಎಂಬುದೇ ಇದರ ಮಿತಿ.

ವಾಟ್ಸ್‌ಆ್ಯಪ್ ಇನ್ನೊಂದು ಸುಳಿವು ಕೊಡುತ್ತದೆ. ಕರೆಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಬರುತ್ತಿದ್ದರೂ ಈಗಷ್ಟೇ ಕಳಿಸಿದ ಸಂದೇಶಕ್ಕೆ ಎರಡು ಟಿಕ್ ಬಿದ್ದರೆ, ಫೋನು ಆನ್ ಇದ್ದು ವೈಫೈ ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹೀಗೆಯೇ: ಟವರ್ ಸಿಗದು, ವೈಫೈ ಸಿಗುತ್ತದೆ. ಆದರೆ ಅದೇ ವಾಟ್ಸ್‌ಆ್ಯಪ್ ಕಂಪ್ಯೂಟರಿನಲ್ಲೂ ತೆರೆದಿದ್ದರೆ ಎರಡನೇ ಟಿಕ್ ಅಲ್ಲಿಂದಲೂ ಬಂದಿರಬಹುದು.

ಉಳಿದ ಸಂದೇಶಗಳಲ್ಲಿ ಇಷ್ಟು ಗೊಂದಲವಿಲ್ಲ. ‘ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ’ ಎಂದರೆ ದಟ್ಟಣೆ ಇರುವುದು ನೆಟ್‌ವರ್ಕಿನಲ್ಲಿ. ನೀವು ಕರೆ ಮಾಡಿದವರ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಒಳಬರುವ ಕರೆಯ ಸೌಲಭ್ಯವಿಲ್ಲ’ ಎಂದರೆ ಹೆಚ್ಚಾಗಿ ರೀಚಾರ್ಜ್ ಅವಧಿ ಮುಗಿದಿರುತ್ತದೆ. ‘ಬ್ಯುಸಿ’ ಎಂದಾಗ ಇನ್ನೊಂದು ಕರೆಯಲ್ಲಿರಬಹುದು, ನಿಮ್ಮ ಕರೆಯನ್ನು ಕತ್ತರಿಸಿರಲೂಬಹುದು.

ಸಂದೇಶ ತಮಿಳಿನಲ್ಲೋ ಮಲಯಾಳದಲ್ಲೋ ಬಂತು, ಹಾಗಾಗಿ ಅವರು ಆ ರಾಜ್ಯದಲ್ಲಿದ್ದಾರೆ ಎಂದು ಲೆಕ್ಕ ಹಾಕುವವರಿದ್ದಾರೆ. ಅದನ್ನು ನಂಬಿ ಹುಡುಕಲು ಹೊರಡಬೇಡಿ. ಸಿಮ್ ಯಾವ ರಾಜ್ಯದ್ದು ಎಂಬುದರ ಮೇಲೂ ಭಾಷೆ ನಿಂತಿರುತ್ತದೆ. ಕೇರಳದಲ್ಲಿ ಕೊಂಡ ನಂಬರಿನವರು ಬೆಂಗಳೂರಿನಲ್ಲೇ ಇದ್ದರೂ ಮಲಯಾಳ ಕೇಳಬಹುದು.

ಫೋನು ಕೊನೆಯದಾಗಿ ಯಾವ ಟವರ್‌ನಲ್ಲಿತ್ತು ಎಂಬುದು ಕಂಪನಿಯ ದಾಖಲೆಯಲ್ಲಿರುತ್ತದೆ. ಆದರೆ ಕಸ್ಟಮರ್ ಕೇರ್‌ಗೆ ಎಷ್ಟು ಬೇಡಿಕೊಂಡರೂ ಅದನ್ನು ಹೇಳುವುದಿಲ್ಲ; ಪೊಲೀಸರು ಕೇಳಿ ಪಡೆಯಬೇಕು. ಬರಬೇಕಾದ ಹೊತ್ತು ಮೀರಿದೆ, ಜೊತೆಗಿದ್ದವರಿಗೂ ಗೊತ್ತಿಲ್ಲ ಎಂದಾದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಅವರ ಮೊಬೈಲ್ ನಂಬರ್, ಕೊನೆಯ ಸಲ ಮಾತಾಡಿದ ಹೊತ್ತು, ಆಗ ಎಲ್ಲಿದ್ದೇನೆ ಎಂದಿದ್ದರು ಎಂಬುದನ್ನು ಮೊದಲು ತಿಳಿಸಿ. ಯಾವ ಗಂಟೆಗೆ ಯಾವ ಸಂದೇಶ ಕೇಳಿತು ಎಂದು ನೀವು ಬರೆದಿಟ್ಟ ಚೀಟಿಯನ್ನೂ ಓದಿ ಹೇಳಿ.