ದಿನದ ಐದು ನಿಮಿಷ, ವರ್ಷಕ್ಕೊಂದು ದಿನ: ಓಡಾಟದ ಲೆಕ್ಕ ಹಾಕುವುದು ಹೇಗೆ?

ಬಳ್ಳಾರಿಯ ಕೌಲ್ ಬಜಾರ್‌ನಿಂದ ತೋರಣಗಲ್ಲಿನ ಕಾರ್ಖಾನೆಗೆ ದಿನಾ ಹೋಗಿಬರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಷ್ಟು ಹೊತ್ತಾಗುತ್ತದೆ ಎಂದರೆ ‘ಮುಕ್ಕಾಲು ಗಂಟೆ’ ಅಂತಾರೆ. ಅದು ಬರೀ ಬಸ್ಸಿನಲ್ಲಿ ಕೂತ ಹೊತ್ತು. ನಾವು ಅಳೆಯಬೇಕಾದದ್ದು ಮನೆಯ ಬಾಗಿಲಿನಿಂದ ಹಾಜರಿ ಹಾಕುವವರೆಗಿನ ಹೊತ್ತು. ಆಟೊ, ಬಸ್ಸಿಗೆ ಕಾಯುವುದು, ಗೇಟಿನಿಂದ ಒಳಗಿನ ನಡಿಗೆ ಎಲ್ಲವೂ ಸೇರಬೇಕು. ಆಗ ಅದು 65 ನಿಮಿಷ, ಎರಡೂ ಕಡೆ ಸೇರಿ 130 ಆಗುತ್ತದೆ. ಪಾಳಿ ಬದಲಾದರೆ ಕಾಯುವ ಹೊತ್ತೂ ಬದಲಾಗುತ್ತದೆ. ಹಾಗಾಗಿ ಎರಡು ಮೂರು ವಾರ ಬರೆದಿಟ್ಟು ಸರಾಸರಿ ತೆಗೆಯಿರಿ.

ಮುಂದಿನದು ಕೆಲಸದ ದಿನಗಳು. ಸುಮ್ನೆ 365ರಿಂದ ಗುಣಿಸಿದರೆ ಲೆಕ್ಕ ಉಬ್ಬುತ್ತದೆ. ಭಾನುವಾರ ಕಳೆದರೆ 313 ದಿನ. ಹಬ್ಬ, ರಜೆ ಅಂತ 25 ಕಳೆದರೆ 288. ಒಂದು ದಿನಕ್ಕೆ 1,440 ನಿಮಿಷ. ಅದನ್ನು 288ರಿಂದ ಭಾಗಿಸಿದರೆ ಸರಿಯಾಗಿ 5 ಬರುತ್ತದೆ. ಅಂದರೆ ದಿನದ ಪ್ರತಿ ಐದು ನಿಮಿಷಕ್ಕೆ ವರ್ಷದ ಒಂದು ಪೂರ್ತಿ ದಿನ. 130 ನಿಮಿಷಕ್ಕೆ 26 ದಿನ, 30 ವರ್ಷದ ನೌಕರಿಗೆ 780 ದಿನ. ಎರಡು ವರ್ಷದ ಮೇಲೆ 50 ದಿನ!

ಇದು 24 ಗಂಟೆಯ ದಿನಗಳ ಲೆಕ್ಕ. ಆದರೆ ನಾವು ಬದುಕುವುದು ಎಚ್ಚರವಿದ್ದ ಹೊತ್ತಿನಲ್ಲಿ ಅಲ್ವಾ? ದಿನಕ್ಕೆ 16 ಗಂಟೆ ಎಚ್ಚರ ಅಂತ ಹಿಡಿದರೆ ವರ್ಷದ 26 ದಿನ 39 ಆಗುತ್ತದೆ. ನನಗೆ ಇದೇ ನಿಜಕ್ಕೆ ಹತ್ತಿರ ಅನ್ನಿಸುತ್ತದೆ. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ.

ಮೊಬೈಲ್ ನೋಡುವ ಹೊತ್ತನ್ನೂ ಹೀಗೇ ಲೆಕ್ಕ ಹಾಕಬಹುದು, ಆದರೆ ಮೊಬೈಲಿಗೆ ರಜೆಯಿಲ್ಲ. ಅದಕ್ಕೆ ದಿನದ ನಿಮಿಷಗಳನ್ನು ನಾಲ್ಕರಿಂದ ಭಾಗಿಸಿದರೆ ಸಾಕು, ಏಕೆಂದರೆ 4 ನಿಮಿಷವನ್ನು 365 ದಿನಕ್ಕೆ ಗುಣಿಸಿದರೆ 1,460. ಒಂದು ದಿನಕ್ಕಿಂತ 20 ನಿಮಿಷವಷ್ಟೇ ಜಾಸ್ತಿ. ನೋಡುವ ಹೊತ್ತನ್ನು ಅಂದಾಜು ಮಾಡಬೇಡಿ, ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ದಿನಕ್ಕೆ 180 ನಿಮಿಷವಾದರೆ ವರ್ಷಕ್ಕೆ 45 ದಿನ.

ಹಾಗಂತ 26ಕ್ಕೆ 45 ಕೂಡಿಸಿ 71 ಅನ್ನಬಾರದು. ಬಸ್ಸಿನಲ್ಲಿ ಕೂತು 40 ನಿಮಿಷ ಮೊಬೈಲ್ ನೋಡಿದ್ದರೆ ಆ ಹೊತ್ತು ಎರಡು ಸಲ ಸೇರಿದೆ. ಅದು ಕೆಲಸದ ದಿನದ ಹೊತ್ತು, ಹಾಗಾಗಿ ಐದರಿಂದ ಭಾಗಿಸಿ. 8 ದಿನ ಕಳೆದರೆ ಉಳಿಯುವುದು 63.

ಇನ್ನು ‘ಜೀವಮಾನ’ದ ಲೆಕ್ಕ. ಅಳತೆಯಲ್ಲಿ 10 ನಿಮಿಷ ತಪ್ಪಿದರೆ 30 ವರ್ಷಕ್ಕೆ 60 ದಿನ ವ್ಯತ್ಯಾಸವಾಗುತ್ತದೆ. ಆದ್ದರಿಂದ 780 ಅನ್ನುವ ಬದಲು ‘ಎರಡು ವರ್ಷದ ಆಸುಪಾಸು’ ಅನ್ನುವುದೇ ಸರಿ. ಅದಕ್ಕಿಂತ ದೊಡ್ಡ ತಪ್ಪೆಂದರೆ ಇವತ್ತಿನ ಓಡಾಟವೇ ಮೂವತ್ತು ವರ್ಷ ನಡೆಯುತ್ತದೆ ಅಂದುಕೊಳ್ಳುವುದು. ವರ್ಷಗಳನ್ನು ತುಂಡು ಮಾಡಿ ಲೆಕ್ಕ ಹಾಕಿ. ಇದೇ ವ್ಯಕ್ತಿ 12 ವರ್ಷ ಬಳ್ಳಾರಿಯಿಂದ ಓಡಾಡಿದರೆ 312 ದಿನ. ಆಮೇಲೆ ತೋರಣಗಲ್ಲಿನಲ್ಲೇ ಮನೆ ಮಾಡಿ, ಹೋಗಿಬರಲು 20 ನಿಮಿಷವಷ್ಟೇ ಹಿಡಿದರೆ ಉಳಿದ 18 ವರ್ಷಕ್ಕೆ ಬರೀ 72. ಎರಡೂ ಕೂಡಿಸಿದರೆ 384 ದಿನ, ಮೊದಲಿನ ಲೆಕ್ಕದ ಸುಮಾರು ಅರ್ಧ.