ಬೋರ್ಡಿನ ಪೂರ್ತಿ ಹೆಸರು ಹಿಡಿದು ಪಿಸಿ ಹೊಂದಿಸುವ ನನ್ನ ಲೆಕ್ಕ

ಹೊಂದಾಣಿಕೆ ನೋಡಿ ಹೇಳುವ ಸೈಟುಗಳಿರುವಾಗ ಕಾಗದ, ಸ್ಕೇಲು ಹಿಡಿದು ಯಾಕೆ ಕೂರಬೇಕು ಎಂದು ನಕ್ಕವರು ಬೇಕಾದಷ್ಟು ಮಂದಿ. ಸಾಕೆಟ್ ತಪ್ಪಿದರೆ ಆ ಸೈಟುಗಳು ಹಿಡಿದುಕೊಡುತ್ತವೆ, ಒಪ್ಪುತ್ತೇನೆ. ಆದರೆ ದುಡ್ಡು ತಿನ್ನುವ ತಪ್ಪುಗಳೇ ಬೇರೆ. ಪ್ರೊಸೆಸರ್ ಸರಿಯಾಗಿ ಕೂತರೂ ಹಳೆ ಬಯಾಸ್‌ನಿಂದಾಗಿ ಸ್ಕ್ರೀನ್ ಬರುವುದಿಲ್ಲ. ಕಾರ್ಡು ಎರಡು ಮಿಲಿಮೀಟರಿಗೆ ಒಳಗೆ ಹೋಗುವುದಿಲ್ಲ. ಕೂಲರ್ ಕೂತ ಮೇಲೆ ಗಾಜಿನ ಬಾಗಿಲು ಮುಚ್ಚುವುದಿಲ್ಲ. ಇಂಥವನ್ನು ಸೈಟುಗಳು ಕೆಳಗೆಲ್ಲೋ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಹೇಳಿ ಕೈತೊಳೆದುಕೊಳ್ಳುತ್ತವೆ. ಕಾಗದದ ಲೆಕ್ಕಕ್ಕೆ ಬಂದ ಮೇಲೆ ನನ್ನಿಂದ ವಾಪಸ್ ಹೋದ ಬಾಕ್ಸ್ ಇಲ್ಲ.

ಈಚಿನ ಒಂದು ಜೋಡಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕೈಯಲ್ಲಿ ಆಗಲೇ ಇದ್ದದ್ದು 16 ಜಿಬಿಯ ಎರಡು ಹಳೆ ಮೆಮೊರಿ ಸ್ಟಿಕ್, ಒಂದು ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್. ಕೊಳ್ಳಬೇಕಿದ್ದದ್ದು ಕೋರ್ ಐ5-13400ಎಫ್ ಪ್ರೊಸೆಸರ್, ಅದಕ್ಕೊಂದು ಬೋರ್ಡು, ಕೂಲರ್, ಸುಮಾರು 305 ಮಿಮೀ ಉದ್ದದ ಗ್ರಾಫಿಕ್ಸ್ ಕಾರ್ಡು.

ಮೊದಲು ಮೆಮೊರಿ, ಯಾಕೆಂದರೆ ಅದು ಈಗಾಗಲೇ ಕೈಯಲ್ಲಿದೆ, ಬೋರ್ಡನ್ನು ಅದೇ ನಿರ್ಧರಿಸುತ್ತದೆ. ಸ್ಟಿಕ್ಕಿನ ಮೇಲಿನ ಸ್ಟಿಕ್ಕರ್ ಹರಿದಿದ್ದರೆ ಹಳೆ ಸಿಸ್ಟಮ್ ಬಿಚ್ಚುವ ಮೊದಲೇ ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿ:

```
Get-CimInstance Win32_PhysicalMemory | Select PartNumber, SMBIOSMemoryType
```

26 ಬಂದರೆ ಡಿಡಿಆರ್4, 34 ಬಂದರೆ ಡಿಡಿಆರ್5. ನಮ್ಮದು 26. ಎರಡರಲ್ಲೂ 288 ಪಿನ್ನುಗಳೇ ಇರುವುದರಿಂದ ಕಣ್ಣಳತೆಗೆ ಒಂದೇ ಥರ ಕಾಣುತ್ತವೆ, ಆದರೆ ಕಚ್ಚಿನ ಜಾಗ ಬೇರೆ. ಕೆಟ್ಟುಹೋದ ಒಂದು ಬೋರ್ಡಿನ ಮೇಲೆ ಡಿಡಿಆರ್5 ಸ್ಲಾಟಿಗೆ ಡಿಡಿಆರ್4 ಸ್ಟಿಕ್ ಹಿಡಿದು ನೋಡಿದ್ದೇನೆ. ಒಂದು ತುದಿ ಇಳಿದಂತೆ ಅನಿಸುತ್ತದೆ, ಇನ್ನೊಂದು ತುದಿ ಎದ್ದೇ ನಿಲ್ಲುತ್ತದೆ. ಇನ್ನೂ ಒತ್ತಿದರೆ ಸ್ಲಾಟ್ ಸೀಳುತ್ತದೆ.

ಎಎಂಡಿಯ ಸಾಕೆಟ್ಟುಗಳಲ್ಲಿ ಎಎಂ4 ಎಂದರೆ ಡಿಡಿಆರ್4 ಮಾತ್ರ, ಎಎಂ5 ಎಂದರೆ ಡಿಡಿಆರ್5 ಮಾತ್ರ, ಅಲ್ಲಿ ಗೊಂದಲವಿಲ್ಲ. ತಲೆನೋವು ನಮ್ಮ 13400ಎಫ್ ಕೂರುವ ಇಂಟೆಲ್ ಸಾಕೆಟ್ ಎಲ್‌ಜಿಎ 1700. ಅದರ ಪ್ರೊಸೆಸರುಗಳು ಎರಡನ್ನೂ ನಡೆಸುತ್ತವೆ, ಬೋರ್ಡು ಮಾತ್ರ ಒಂದನ್ನೇ ತೆಗೆದುಕೊಳ್ಳುತ್ತದೆ. ಒಂದೇ ಹೆಸರಿನ ಬೋರ್ಡು ಎರಡು ರೂಪದಲ್ಲಿ ಮಾರಾಟವಾಗುತ್ತದೆ, ವ್ಯತ್ಯಾಸ ಹೆಸರಿನ ಬಾಲದಲ್ಲಿ 'ಡಿ4' ಅಥವಾ 'ಡಿಡಿಆರ್4' ಎಂದಿರುವುದಷ್ಟೇ. ಕೆಲವು ಕಂಪನಿಗಳು ಡಿಡಿಆರ್5 ರೂಪಕ್ಕೆ ಬಾಲವನ್ನೇ ಹಚ್ಚುವುದಿಲ್ಲ. ಮಾರುವವರ ಪುಟದ ಶೀರ್ಷಿಕೆಯಲ್ಲಿ ಈ ಬಾಲ ಎಷ್ಟೋ ಸಲ ಕತ್ತರಿಸಿಹೋಗಿರುತ್ತದೆ. ಅದಕ್ಕೇ ನಾನು ಬಾಕ್ಸಿನ ಫೋಟೋದಲ್ಲಿರುವ ಪೂರ್ತಿ ಹೆಸರನ್ನು, ರಿವಿಷನ್ ಸಂಖ್ಯೆ ಇದ್ದರೆ ಅದನ್ನೂ ಸೇರಿಸಿ ಬರೆದುಕೊಂಡು, ಅದೇ ಹೆಸರಿನ ಪುಟವನ್ನು ತಯಾರಕರ ಸೈಟಿನಲ್ಲಿ ತೆರೆಯುತ್ತೇನೆ. ಈ ಒಂದು ಕಡೆ ಎಡವಿದರೆ 32 ಜಿಬಿ ಮೆಮೊರಿ ಹೊಸದಾಗಿ ಕೊಳ್ಳಬೇಕು, ಬೋರ್ಡಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಇನ್ನು ಸಾಕೆಟ್. ಸಂಖ್ಯೆ ಹೊಂದಿತು ಎಂದು ಅಲ್ಲಿಗೇ ಬಿಡಬಾರದು. ಹಿಂದೆ ಎಲ್‌ಜಿಎ 1151 ಇದ್ದಾಗ ಎಂಟನೇ ತಲೆಮಾರಿನ ಪ್ರೊಸೆಸರ್ 200 ಸರಣಿಯ ಬೋರ್ಡಿನಲ್ಲಿ ಕೂರುತ್ತಿತ್ತು, ಓಡುತ್ತಿರಲಿಲ್ಲ. ನಮ್ಮ ಪ್ರಸಂಗದಲ್ಲಿ ಬಿ660, ಬಿ760 ಎರಡೂ 1700 ಸಾಕೆಟ್ಟಿನವೇ, ಬಿ660 ಸ್ವಲ್ಪ ಅಗ್ಗ. ತಯಾರಕರ ಪುಟದಲ್ಲಿ ಪ್ರೊಸೆಸರ್ ಪಟ್ಟಿ ತೆರೆದು 13400ಎಫ್ ಸಾಲಿಗೆ ಹೋಗಿ, ಕೊನೆಯ ಕಾಲಂನಲ್ಲಿ ಯಾವ ಬಯಾಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ನೋಡಬೇಕು. ಬಿ660 ಬೋರ್ಡುಗಳು 2022ರ ಆರಂಭದವು, ಹದಿಮೂರನೇ ತಲೆಮಾರು ಬಂದದ್ದು ಆ ವರ್ಷದ ಕೊನೆಗೆ. ಗೋಡೌನಿನಲ್ಲಿ ಕೂತಿದ್ದ ಹಳೆ ಬೋರ್ಡು ಸಿಕ್ಕರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. 'ಎಫ್' ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದ್ದರಿಂದ ತಪ್ಪು ಕಾರ್ಡಿನದೋ ಬಯಾಸಿನದೋ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಎಫ್‌ಎಟಿ32 ಪೆನ್‌ಡ್ರೈವ್, ಕೈಪಿಡಿ ಹೇಳುವ ಹೆಸರನ್ನೇ ಕೊಟ್ಟ ಫೈಲು, ಇಷ್ಟು ಸಾಕು. ಅಗ್ಗದ ಬಿ660ಗಳಲ್ಲಿ ಬಹುತೇಕ ಆ ಬಟನ್ ಇರುವುದಿಲ್ಲ, ಆಗ ಹನ್ನೆರಡನೇ ತಲೆಮಾರಿನ ಪ್ರೊಸೆಸರ್ ಎರವಲು ತರಬೇಕು. ಬಿ760 ಬಂದದ್ದೇ 2023ರ ಜನವರಿಯಲ್ಲಿ, 13400 ಜೊತೆಗೆ. ಹಾಗಾಗಿ ಡಿಡಿಆರ್4 ಬಾಲವಿರುವ ಬಿ760 ಮೈಕ್ರೋ ಎಟಿಎಕ್ಸ್ ಬೋರ್ಡನ್ನೇ ಆರಿಸಿದೆ. ಬಾಕ್ಸ್ ಒಡೆಯದೆ ಒಳಗಿನ ಬಯಾಸ್ ಎಷ್ಟು ಹಳೆಯದೆಂದು ಅಂದಾಜು ಮಾಡುವ ಉಪಾಯವೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಈಗ ಕ್ಯಾಬಿನೆಟ್. ಎಟಿಎಕ್ಸ್ ಬೋರ್ಡು 305×244 ಮಿಮೀ, ಮೈಕ್ರೋ 244×244, ಮಿನಿ ಐಟಿಎಕ್ಸ್ 170×170, ಇದು ನಿಮಗೆ ಗೊತ್ತಿರುವುದೇ. ಬೋರ್ಡು ಹಿಡಿಸಿತೆಂದ ಮೇಲೆ ಸ್ಟ್ಯಾಂಡ್‌ಆಫ್ ನೋಡಿ. ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಕ್ಯಾಬಿನೆಟ್ಟಿನ ಸ್ಟ್ಯಾಂಡ್‌ಆಫ್ ಉಳಿದಿದ್ದರೆ ಅದು ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ.

ನಿಜವಾದ ಕಷ್ಟ ಉದ್ದದ್ದು. ನಮ್ಮ ಕ್ಯಾಬಿನೆಟ್ ಪುಟದಲ್ಲಿ ಕಾರ್ಡಿಗೆ 330 ಮಿಮೀ ಎಂದಿತ್ತು. 305ರ ಕಾರ್ಡಿಗೆ ಧಾರಾಳ ಅನಿಸುತ್ತದೆ. ಆದರೆ ಮುಂಭಾಗದಲ್ಲಿ 240ರ ವಾಟರ್ ಕೂಲರ್ ಹಾಕುವ ಯೋಚನೆಯಿತ್ತು. ರೇಡಿಯೇಟರ್ ದಪ್ಪ 27, ಫ್ಯಾನಿನದು 25, ಒಟ್ಟು 52 ಕಳೆದರೆ ಉಳಿಯುವುದು 278. ಆ 330ರಲ್ಲಿ ಮುಂದಿನ ಫ್ಯಾನನ್ನು ಆಗಲೇ ಕಳೆದಿದ್ದಾರೆ ಎಂದಿಟ್ಟುಕೊಂಡರೂ 303. ಎರಡು ಮಿಲಿಮೀಟರ್ ಕಮ್ಮಿ. ಲೋಹ ಎರಡು ಮಿಲಿಮೀಟರ್ ಬಗ್ಗುವುದಿಲ್ಲ. ನಂಬದವರಿಗಾಗಿ ಕಾರ್ಡಿನ ಅಳತೆಗೇ ರಟ್ಟಿನ ಡಬ್ಬಿ ಮಾಡಿ ಕ್ಯಾಬಿನೆಟ್ಟಿಗೆ ಇಳಿಸಿ ತೋರಿಸಿದೆ. ತುದಿ ತಾಗುವುದು ಕಂಡಿತು. ರಟ್ಟಿನ ಪ್ರಯೋಗದಲ್ಲಿ ಇನ್ನೊಂದೂ ಗೊತ್ತಾಯಿತು: ಕಾರ್ಡಿನ ಪವರ್ ಕೇಬಲ್ ಬಾಗುವುದಕ್ಕೆ ಗಾಜಿನ ಕಡೆ ಬೇಕಾದ ಜಾಗ ಯಾವ ಪುಟದಲ್ಲೂ ಇರುವುದಿಲ್ಲ, ನಾನು 35 ಮಿಮೀ ಬಿಡುತ್ತೇನೆ.

ವಾಟರ್ ಕೂಲರ್ ಬಿಟ್ಟು ಟವರ್ ಕೂಲರ್‌ಗೆ ಬಂದಾಗ ಲೆಕ್ಕ ಎತ್ತರಕ್ಕೆ ತಿರುಗಿತು. ಕ್ಯಾಬಿನೆಟ್ 160 ಮಿಮೀ ಕೊಡುತ್ತದೆ, ಆಯ್ಕೆಯಲ್ಲಿದ್ದ ಕೂಲರ್ 157. ಆದರೆ ಅದರ ಫ್ಯಾನ್ ಮೆಮೊರಿ ಸ್ಲಾಟಿನ ಮೇಲೆ ಚಾಚುತ್ತದೆ, ಕೆಳಗೆ ಸುಮಾರು 39 ಮಿಮೀ ಜಾಗ ಬಿಡುತ್ತದೆ. ನಮ್ಮ ಹಳೆ ಸ್ಟಿಕ್ಕುಗಳು ಬಣ್ಣದ ದೀಪದವು, ಎತ್ತರ 44. ಫ್ಯಾನನ್ನು 5 ಮಿಮೀ ಮೇಲೆತ್ತಿದರೆ 162, ಗಾಜು ಮುಚ್ಚುವುದಿಲ್ಲ. ಸ್ಟಿಕ್ಕಿನ ಹೀಟ್‌ಸ್ಪ್ರೆಡರ್ ಕಿತ್ತುಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಅಂಟಿನ ಜೊತೆ ಚಿಪ್ಪೇ ಎದ್ದುಬರಬಹುದು, ಬೇಡ.

ಕೊನೆಗೆ ಆರಿಸಿದ್ದು 155 ಮಿಮೀ ಎತ್ತರದ, ಸ್ಲಾಟಿನ ಮೇಲೆ ಚಾಚದಷ್ಟು ತೆಳುವಾದ ಒಂಟಿ ಟವರ್. 13400ಎಫ್‌ಗೆ ಅದು ಸಾಕೋ ಸಾಕು, ವಾಟರ್ ಕೂಲರಿನ ಅರ್ಧ ದುಡ್ಡೂ ಆಗಲಿಲ್ಲ. ಹಳೆ ಕೂಲರ್ ಮರುಬಳಸುವವರು ಒಂದು ನೋಡಿಕೊಳ್ಳಿ: ಎಲ್‌ಜಿಎ 1151, 1200ರಲ್ಲಿ ಸ್ಕ್ರೂ ತೂತುಗಳ ಅಂತರ 75 ಮಿಮೀ, 1700ರಲ್ಲಿ 78. ಹೊಸ ಬ್ರಾಕೆಟ್ ಇಲ್ಲದೆ ಕೂರುವುದಿಲ್ಲ, ಹಲವು ಕಂಪನಿಗಳು ಅದನ್ನು ಬೇರೆಯಾಗಿ ಕೊಡುತ್ತವೆ.